ಸೋಮವಾರ ಸಂಜೆ ಮುಚ್ಚಿದ ತಗ್ಗು

"ಸಮನ್ವಯವನ್ನು ಇನ್ನಷ್ಟು ಬಲಪಡಿಸುವ ಅಗತ್ಯವಿದೆ." ಈ ಒಂದು ವಾಕ್ಯದ ಮೇಲೆ ನನಗೆ ಹಗೆ ಇದೆ. ಹಳ್ಳಿಗಳ ಮನೆಮನೆಗೆ ನಳದ ನೀರು ಕೊಡುವ ಕಾಮಗಾರಿಗಳ ಮೇಲುಸ್ತುವಾರಿ ಮಾಡುವ ಒಂದು ಖಾಸಗಿ ಸಂಸ್ಥೆಯಲ್ಲಿ ನನ್ನ ನೌಕರಿ. ಕಾಮಗಾರಿ ಮುಗಿದ ಮೇಲೆ ಅದರಿಂದ ಕಲಿತ ಪಾಠಗಳನ್ನು ಬರೆದಿಡುವುದು ನನ್ನ ಪಾಲಿಗೆ ಬಂದ ಕೆಲಸ. ಶಿಗ್ಗಾಂವಿಯ ನಮ್ಮ ಆಫೀಸಿನ ಕಪಾಟಿನಲ್ಲಿ ಹಳೆಯ ಕಾಮಗಾರಿಗಳ ಪಾಠದ ವರದಿಗಳು ಸಾಲಾಗಿ ನಿಂತಿವೆ. ಯಾವುದನ್ನು ಬೇಕಾದರೂ ತೆಗೆಯಿರಿ, ಮೂರನೆಯ ಪುಟಕ್ಕೆ ಹೋಗುವಷ್ಟರಲ್ಲಿ ಸಮನ್ವಯ ಬಲಗೊಳ್ಳುತ್ತಿರುತ್ತದೆ. ಇಷ್ಟು ವರ್ಷ ಬಲಗೊಂಡ ಸಮನ್ವಯ ಇಷ್ಟೊತ್ತಿಗೆ ಕುಸ್ತಿ ಹಿಡಿಯಬೇಕಿತ್ತು. ಅದನ್ನು ಯಾರೂ ಓದಿಲ್ಲ ಎಂಬುದಕ್ಕೆ ಸಾಕ್ಷಿ ಹುಡುಕಬೇಕಾಗಿಲ್ಲ, ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇವೆ.

ಆ ವರ್ಷ ಶಿಗ್ಗಾಂವಿ ತಾಲ್ಲೂಕಿನ ಹಳ್ಳಿಗಳ ಕೆಲಸ ಮುಗಿಯಿತು. ಮುಗಿಯಿತು ಎಂದರೆ ಕಾಯಿ ಒಡೆದದ್ದಾಯಿತು, ಹಾರ ಹಾಕಿದ್ದಾಯಿತು, ನಳದ ಮುಂದೆ ಕೊಡ ಹಿಡಿದ ಹೆಣ್ಣುಮಕ್ಕಳ ಫೋಟೋ ತೆಗೆದದ್ದಾಯಿತು. ಫೋಟೋದಲ್ಲಿ ನೀರು ಚೆನ್ನಾಗಿಯೇ ಬರುತ್ತಿತ್ತು. ಆದರೆ ಅದೇ ಹಳ್ಳಿಗಳಲ್ಲಿ ಹೊಸ ಕಾಂಕ್ರೀಟ್ ರಸ್ತೆಯ ಸಂದಿಯಿಂದಲೂ ನೀರು ಬರುತ್ತಿತ್ತು. ಪೈಪಿನ ಜೋಡಣೆಗಳು ಒಳಗೇ ಸೋರಿ, ಓಣಿಯ ಕೊನೆಯ ಮನೆಗಳಿಗೆ ನೀರು ಮುಟ್ಟದೆ, ಮುಟ್ಟಿದರೂ ಗಟಾರದ ವಾಸನೆ ಹೊಡೆದು, ಹಾಕಿ ತಿಂಗಳೂ ಆಗದ ರಸ್ತೆಯನ್ನು ಒಡೆದು ಮತ್ತೆ ತೋಡಬೇಕಾಯಿತು. ರಸ್ತೆ ಒಡೆಯುವಾಗ ಫೋಟೋದವರು ಬರಲಿಲ್ಲ.

ಇದೆಲ್ಲ ನನಗೆ ಬರೀ ಆಫೀಸಿನ ತಲೆನೋವಾಗಿದ್ದರೆ ಸಮನ್ವಯ ಅಂತ ಬರೆದು ಮನೆಗೆ ಹೋಗಿ ಮಲಗಿಬಿಡುತ್ತಿದ್ದೆನೇನೋ. ಆದರೆ ಮುಂದಿನ ಕೆಲಸ ಹಿರೇಕೆರೂರು ತಾಲ್ಲೂಕಿನದು. ಚಿಕ್ಕೇರೂರಿನ ಆಚೆಗಿನ ಒಂದು ಹಳ್ಳಿಗೆ ನಮ್ಮ ಅಕ್ಕನನ್ನು ಕೊಟ್ಟಿದೆ. ಮೊಣಕಾಲು ಸವೆದ ಅಕ್ಕ ಓಣಿಯ ತುದಿಯ ನೀರಿನ ಟಾಕಿಯಿಂದ ದಿನಾ ಕೊಡ ಹೊರುತ್ತಾಳೆ. ಅವಳ ಓಣಿ ಮೊದಲ ಕಂತಿನಲ್ಲೇ ಇತ್ತು. ಪೈಪು ಹಾಕಿದ ಹಿಂದೆಯೇ ಪಂಚಾಯಿತಿ ಕಾಂಕ್ರೀಟ್ ಹಾಕುವುದಿತ್ತು. ಒಳಗೆ ಸೋರುವ ಪೈಪು ಹೂತು ಮೇಲೆ ಕಾಂಕ್ರೀಟ್ ಬಿತ್ತೆಂದರೆ ಅಕ್ಕನ ಕೊಡ ಇಳಿಯುವುದಿಲ್ಲ.

"ನಿಮ್ಮ ನಳ ಯಾವಾಗ ಬರತೈತಿ?" ಎಂದು ಅವಳು ಪ್ರತಿ ಸಲ ಫೋನಿನಲ್ಲಿ ಕೇಳುತ್ತಿದ್ದಳು. ನಳ ತನ್ನ ತವರಿನಿಂದ ಬರಬೇಕಾದ ಉಡುಗೊರೆಯೇನೋ ಎಂಬ ದನಿ.

"ಮಳಿ ಹಿಡಿಯೂದ್ರಾಗ ಶುರು ಆಕ್ಕೇತಿ ಅಕ್ಕಾ. ಮದ್ಲ ಶಿಗ್ಗಾಂವಿ ಕೆಲಸದ್ದು ಪಾಠ ಬರೀಬೇಕು."

"ನೀರ ಕೇಳಿದ್ರ ಪಾಠ ಅಂತೀಯಲ್ಲವಾ. ಬರದು ಅದನ್ನ ಕೊಡದಾಗ ಹಾಕಿ ಕಳಸು."

ಪಾಠದ ಸಭೆಯನ್ನು ಸವಣೂರಿನಲ್ಲಿ ಇಟ್ಟೆವು. ಯಾಕೆ ಸವಣೂರು ಎಂದರೆ ನಮ್ಮ ಸಾಹೇಬರಿಗೆ ಅಲ್ಲಿನ ಹೆಸರಾದ ಕುರುಕಲು ತಿಂಡಿ, ಖಾರ, ಬೇಕು. ಸಾಹೇಬರು ಎಂದರೆ ನಮ್ಮ ಕಚೇರಿಯ ಮುಖ್ಯಸ್ಥರು, ಒಳ್ಳೆಯ ಮನುಷ್ಯ. ಜಗತ್ತಿನಲ್ಲಿ ಯಾವುದೂ ಅವರಿಂದಾಗಿ ಕೆಟ್ಟಿಲ್ಲ ಎಂಬ ನೆಮ್ಮದಿಯಲ್ಲಿ ನಗುನಗುತ್ತಾ ಇರುವವರು. ಒಂದು ಬಾಡಿಗೆ ಸಭಾಗೃಹ, ಪ್ಲಾಸ್ಟಿಕ್ ಕುರ್ಚಿ, ಚಹಾ, ಕಾಗದದ ತಟ್ಟೆಯಲ್ಲಿ ಖಾರ. ಗುತ್ತಿಗೆದಾರ ಬಂದಿದ್ದರು, ಅವರ ಮೇಸ್ತ್ರಿ ಬಂದಿದ್ದ. ಕೆಲಸ ನೋಡಿಕೊಂಡಿದ್ದ ನಮ್ಮ ಕಿರಿಯ ಎಂಜಿನಿಯರ್ ಇದ್ದ, ಹಾನಗಲ್ಲಿನವನು, ನನ್ನ ತವರಿನ ಊರೇ. ರಸ್ತೆ ಒಡೆಸಿಕೊಂಡ ಹಳ್ಳಿಯಿಂದ ಪಂಚಾಯಿತಿ ಸದಸ್ಯೆಯೊಬ್ಬರನ್ನು ನಾನು ಹಟ ಮಾಡಿ ಕರೆಸಿದ್ದೆ. ಹಟ ಮಾಡಿ ಕರೆಸಿದ ಇನ್ನೊಬ್ಬರೆಂದರೆ ಹಿರೇಕೆರೂರಿನ ಕೆಲಸ ವಹಿಸಿಕೊಳ್ಳಲಿದ್ದ ಎಂಜಿನಿಯರ್, ತುಮಕೂರು ಕಡೆಯ ಹೆಣ್ಣುಮಗಳು. ಓದಬೇಕಾದವರೇ ಎದುರಿಗಿಲ್ಲದೆ ಯಾರಿಗೆಂದು ಬರೆಯುವುದು?

ಮೊದಲ ಒಂದು ತಾಸು ಸಾಹೇಬರು ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಆ ತಾಸಿನಲ್ಲಿ ಹೊರಬಿದ್ದ ಪಾಠಗಳು ಇವು: ಎಲ್ಲಾ ಚಲೋ ಆಗೇತ್ರಿ. ಸಾಹೇಬ್ರ ಮಾರ್ಗದರ್ಶನ ಚಲೋ ಇತ್ರಿ. ಮಂದಿ ಮಾತ್ರ ಒಂಚೂರು ಸಹಕಾರ ಕೊಡಲಿಲ್ರಿ. ಈ ಮೂರನ್ನೂ ಸಾಹೇಬರು ತಲೆಯಾಡಿಸುತ್ತಾ ಬರೆದುಕೊಂಡರು. ಸದಸ್ಯೆ ಖಾರದ ತಟ್ಟೆಯನ್ನು ದೂರ ಸರಿಸಿ, ಸೆರಗು ಹೊದ್ದು, ಗೋಡೆ ನೋಡುತ್ತಾ ಕೂತರು. ನನಗೆ ಮೈ ಉರಿಯಿತು. ಸಹಕಾರ ಕೊಡದ ಮಂದಿ ಎಂದರೆ ಅವರೇ ತಾನೆ?

ಆ ಹೊತ್ತಿಗೆ ಸಾಹೇಬರಿಗೆ ಹಾನಗಲ್ಲಿನಿಂದ ಫೋನು ಬಂತು, ಇನ್ನೊಂದು ಕಾಮಗಾರಿಗೆ ಪೂಜೆ, ದೊಡ್ಡವರು ಬರುತ್ತಿದ್ದಾರೆ ಅಂತ. ಈ ಫೋನನ್ನು ನಾನೇ ಮಾಡಿಸಿದ್ದು ಎಂದು ಕೆಲವರು ಹೇಳುತ್ತಾರೆ. ಹೇಳಿಕೊಳ್ಳಲಿ. ಸಾಹೇಬರು ಖಾರದ ಪೊಟ್ಟಣ ಕಟ್ಟಿಸಿಕೊಂಡು, "ನಾಕ್ ಪಾನಾ ಬರದ್ರ ಸಾಕು. ಹಳೇದನ್ನ ನೋಡ್ಕೊಂಡ ಬರೀರಿ" ಎಂದು ಹೇಳಿ ಜೀಪು ಹತ್ತಿದರು.

ಅವರು ಹೋದ ಮೇಲೆ ನಾನು ಕುರ್ಚಿಗಳನ್ನು ದುಂಡಗೆ ಹಾಕಿಸಿದೆ. ಗೋಡೆಗೆ ಖಾಕಿ ಕಾಗದ ಅಂಟಿಸಿ ಸದಸ್ಯೆಯ ಓಣಿಯ ಒಂದು ವಾರವನ್ನು ಬರೆದೆ. ಮೇಲಿನ ಸಾಲಿನಲ್ಲಿ ನಮ್ಮ ಯೋಜನೆಯಲ್ಲಿ ಏನಿತ್ತು, ಕೆಳಗಿನ ಸಾಲಿನಲ್ಲಿ ಏನಾಯಿತು. "ಯಾರು ಮಾಡಿದ್ರು ಅಂತ ಇಲ್ಲಿ ಕೇಳೂದಿಲ್ಲ. ಏನಾತು, ಯಾಕ ಆತು, ಇಷ್ಟ. ಹೆಸರು ಬರಿಯೂದಿಲ್ಲ" ಎಂದೆ.

ಮೇಲಿನ ಸಾಲು ಸಲೀಸಾಗಿ ತುಂಬಿತು. ಸೋಮವಾರ ಪೈಪಿಗೆ ತಗ್ಗು ತೋಡುವುದು. ಮಂಗಳವಾರ ಪೈಪು ಕೂಡಿಸಿ, ನೀರು ತುಂಬಿ, ಕೈಪಂಪಿನಿಂದ ಒತ್ತಡ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದೋ ಎಂದು ನೋಡುವುದು. ಮುಳ್ಳು ಇಳಿದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಅದಕ್ಕಾಗಿಯೇ ಪರೀಕ್ಷೆ ಮುಗಿಯುವ ತನಕ ಜೋಡಣೆಗಳ ಮೇಲೆ ಮಣ್ಣು ಬೀಳಬಾರದು. ಬುಧವಾರ ಮುಚ್ಚುವುದು.

ಕೆಳಗಿನ ಸಾಲಿಗೆ ಬಂದೆವು. "ಸೋಮವಾರ ಏನಾತು?"

"ತೋಡಿದ್ವಿರಿ. ಪೈಪೂ ಇಳಿಸಿದ್ವಿ. ಮುಚ್ಚಿದ್ವಿ" ಎಂದ ಮೇಸ್ತ್ರಿ.

"ಯಾವಾಗ ಮುಚ್ಚಿದ್ರಿ?"

"ಅವತ್ತ ಸಂಜೀಕೆ."

"ಟೆಸ್ಟ್ ಮಾಡದನ? ಯಾಕ?"

ಮೇಸ್ತ್ರಿ ಗುತ್ತಿಗೆದಾರರ ಮುಖ ನೋಡಿದ. ಗುತ್ತಿಗೆದಾರರು ಚಹಾದ ಲೋಟ ನೋಡುತ್ತಾ ಹೇಳಿದರು, "ಊರಾನ ಹಿರ್ಯಾರು ತಗ್ಗು ತಗದು ಬಿಡಬ್ಯಾಡ್ರಿ ಅಂದ್ರು. ಜಗಳ ತಗದ್ರು. ಅದಕ್ಕ ಸಹಕಾರ ಇಲ್ಲ ಅಂದದ್ದು ನಾವು."

ಈಗ ಸದಸ್ಯೆ ಬಾಯಿ ಬಿಟ್ಟರು. "ಅಯ್ಯ, ಮರುದಿನ ವಾರ ಇತ್ತಲ್ರೀ! ದ್ಯಾಮವ್ವನ ವಾರ. ಡಂಗುರ ಸಾರಿದ್ರು. ವಾರದ ದಿನ ಭೂಮಿ ತಾಯಿ ಬಾಯಿ ತಕ್ಕೊಂಡು ಬಿದ್ದಿರಬೇಕೇನು?"

ಹೊರಗಿನವರಿಗೆ ಇಷ್ಟು ಹೇಳಬೇಕು. ಮಳೆಗಾಲ ಹತ್ತಿದಾಗ ನಮ್ಮ ಕಡೆಯ ಹಳ್ಳಿಗಳಲ್ಲಿ ದೇವಿಯ ಹೆಸರಲ್ಲಿ ಕೆಲವು ವಾರಗಳ ತನಕ ವಾರಕ್ಕೊಂದು ದಿನ ಕೆಲಸ ಬಿಡುತ್ತಾರೆ, ಆ ದಿನಕ್ಕೇ ವಾರ ಎನ್ನುವುದು. ಅಂದು ಎತ್ತು ಹೂಡುವಂತಿಲ್ಲ, ನೆಲಕ್ಕೆ ಗುದ್ದಲಿ ತಾಗಿಸುವಂತಿಲ್ಲ, ಒಲೆಯ ಮೇಲೆ ಹಂಚು ಇಟ್ಟು ರೊಟ್ಟಿ ಬಡಿಯುವಂತಿಲ್ಲ. ಆ ಹಳ್ಳಿಗಳಲ್ಲಿ ಅದು ಮಂಗಳವಾರ. ಅಂದರೆ ನಮ್ಮ ಯೋಜನೆ ಸೋಮವಾರ ನೆಲ ಬಗೆದು, ಭೂಮಿ ಮುಟ್ಟಬಾರದ ದಿನವನ್ನೇ ಪರೀಕ್ಷೆಗೆಂದು ಆರಿಸಿಕೊಂಡಿತ್ತು. ಓಣಿ ಬದಲಾದರೂ ಸೋಮವಾರವೇ ಶುರು, ಊರು ಬದಲಾದರೂ ಸೋಮವಾರವೇ ಶುರು. ಕೂಲಿಯವರು ಭಾನುವಾರ ಮನೆಗೆ ಹೋಗಿ ಸೋಮವಾರ ಬರುತ್ತಾರೆ, ಅದಕ್ಕೆ. ಪ್ರತಿ ಸೋಮವಾರ ಸಂಜೆ ಜಗಳ, ಜೆಸಿಬಿಯಿಂದ ಗಡಿಬಿಡಿಯಲ್ಲಿ ಮಣ್ಣು ಎಳೆಯುವುದು.

"ಹೋಗಲಿ, ಬುಧವಾರ ಮತ್ತ ತಗದು ಟೆಸ್ಟ್ ಮಾಡಬೇಕಿತ್ತಲ್ಲ?" ಎಂದೆ.

ಕಿರಿಯ ಎಂಜಿನಿಯರ್ ಗಂಟಲು ಸರಿಮಾಡಿಕೊಂಡ. "ಪ್ರಗತಿ ಪತ್ರದಾಗ ಮುಚ್ಚಿದ್ದು ಎಷ್ಟು ಅಂತ ಅಷ್ಟ ಕೇಳ್ತಾರ್ರಿ ಮೇಡಂ. ಟೆಸ್ಟ್ ಆದದ್ದು ಎಷ್ಟು ಅಂತ ಕಾಲಮ್ಮೇ ಇಲ್ಲ. ಮುಚ್ಚಿದ ಕೂಡ್ಲೆ ಪತ್ರದಾಗ ಆ ಓಣಿಗೆ ಹಸಿರು ಬಣ್ಣ ಬಂತು. ಹಸಿರು ಬಂದದ್ದನ್ನ ಮತ್ತ ಯಾರ್ ತಗೀತಾರ?"

ಆಗ ನನಗೆ ಏನೋ ಹೊಳೆದು, "ನಿಮ್ಮ ಮನಿಯಾಗ ವಾರ ಮಾಡ್ತಾರನಪಾ?" ಎಂದು ಕೇಳಿದೆ.

"ಮಾಡ್ತಾರ್ರಿ. ಅವ್ವ ಅವತ್ತ ಕಡಬು ಕುದಿಸ್ತಾಳ. ಡಬ್ಬಿಯೊಳಗ ಅದನ್ನ ಕಟ್ಟಿರ್ತಾಳ."

"ಕಡಬು ತಿಂದು ಮಂಗಳವಾರ ಟೆಸ್ಟಿಂಗ್ ಅಂತ ಬರದಿ?"

ಎಲ್ಲರೂ ನಕ್ಕರು. ಅವನೂ ನಕ್ಕ. ಆದರೆ ನಗುವ ಹಕ್ಕು ಯಾರಿಗೂ ಇರಲಿಲ್ಲ. ಮೇಸ್ತ್ರಿಯ ಮನೆಯಲ್ಲೂ ವಾರ, ಗುತ್ತಿಗೆದಾರರ ಮನೆಯಲ್ಲೂ ವಾರ. ಆ ಯೋಜನಾ ಪತ್ರವನ್ನು ತಿದ್ದಿ ಟೈಪ್ ಮಾಡಿದ ನನ್ನ ಮನೆಯಲ್ಲೂ ಅಂದು ಹಂಚು ಒಲೆ ಏರುವುದಿಲ್ಲ. ಗೊತ್ತಿಲ್ಲದವರು ಮಾಡುವ ತಪ್ಪಲ್ಲ ಇದು. ಹೊಸ್ತಿಲು ದಾಟಿ ಆಫೀಸಿಗೆ ಬಂದೊಡನೆ ನಾವೆಲ್ಲ ಭಾನುವಾರ ರಜೆಯವರಾಗಿಬಿಡುತ್ತೇವೆ. ವಾರವನ್ನು ಯೋಜನಾ ಪತ್ರದಲ್ಲಿ ಬರೆಯುವುದು ಹಳ್ಳಿಯವರ ಹಾಗೆ ಕಾಣುತ್ತದೆ ಎಂಬ ನಾಚಿಕೆ. ನಾಚಿಕೆಯ ಬೆಲೆಯನ್ನು ರಸ್ತೆ ಕೊಟ್ಟಿತು.

ಮರುದಿನ ಕೂತು ಬರೆದೆ. ಸಭೆಯಲ್ಲಿ ಬೇರೆಯೂ ಹತ್ತಾರು ಸಂಗತಿ ಬಂದಿದ್ದವು. ಪೈಪು ತಡವಾಗಿ ಬಂದದ್ದು, ಜೆಸಿಬಿ ಕೆಟ್ಟದ್ದು, ಚಹಾಕ್ಕೆ ಸಕ್ಕರೆ ಕಡಿಮೆಯಾದದ್ದು. ಅವುಗಳನ್ನೆಲ್ಲ ಬದಿಗಿಟ್ಟು, ಮತ್ತೆ ಮತ್ತೆ ಆದದ್ದನ್ನು, ಮುಂದಿನವರ ಕೈಯಲ್ಲಿ ಇರುವುದನ್ನು ಮಾತ್ರ ಹಿಡಿದೆ. ಏನಾಯಿತು, ಯಾಕಾಯಿತು, ಅದರಿಂದ ಏನು ಕೆಟ್ಟಿತು, ಮುಂದಿನವರು ಏನು ಮಾಡಬೇಕು, ಯಾರು ಮಾಡಬೇಕು, ಯಾವ ದಿನದೊಳಗೆ. ಒಂದೇ ಪುಟ. ಸಾಹೇಬರಿಗೆ ಕಳಿಸಿದೆ.

ವಾಪಸ್ ಬಂದಾಗ ಅದು ಮೂವತ್ತು ಪುಟವಾಗಿತ್ತು. ಮುಖಪುಟದಲ್ಲಿ ಕೊಡ ಹಿಡಿದ ಹೆಣ್ಣುಮಕ್ಕಳು. ವಾರ ಮಾಯವಾಗಿತ್ತು, ಗೇಜು ಮಾಯವಾಗಿತ್ತು. ಅವುಗಳ ಜಾಗದಲ್ಲಿ ಹೀಗಿತ್ತು: "ಸ್ಥಳೀಯ ಸಂಪ್ರದಾಯಗಳನ್ನು ಗಮನದಲ್ಲಿರಿಸಿಕೊಂಡು ಸಮುದಾಯದೊಂದಿಗೆ ಸಮನ್ವಯವನ್ನು ಇನ್ನಷ್ಟು ಬಲಪಡಿಸುವ ಅಗತ್ಯವಿದೆ."

ಎದ್ದು ಸೀದಾ ಒಳಗೆ ಹೋದೆ. ಹಿರೇಕೆರೂರಿನ ಎಂಜಿನಿಯರ್ ಅಲ್ಲೇ ಕೂತಿದ್ದರು, ಮುಂದಿನ ವಾರ ಅವರ ಗುತ್ತಿಗೆದಾರರ ಜೊತೆ ಕೆಲಸ ಶುರುಮಾಡುವ ಸಭೆ ಇತ್ತು. ಆ ವಾಕ್ಯವನ್ನು ಅವರ ಕೈಗೆ ಕೊಟ್ಟೆ. "ಇದನ್ನ ಓದಿ ಹೇಳ್ರಿ, ನಾಳೆ ಬೆಳಿಗ್ಗೆ ನೀವು ಏನ್ ಬ್ಯಾರೆ ಮಾಡ್ತೀರಿ?"

ಅವರು ಓದಿದರು. ಇನ್ನೊಮ್ಮೆ ಓದಿದರು. "ಸಮನ್ವಯ ಬಲಪಡಿಸ್ತೀನಿ?" ಎಂದರು, ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ಉತ್ತರ ಹೇಳುವವರ ಹಾಗೆ.

"ಯಾರ ಜೊತಿ?"

"ಅದು ಇಲ್ಲಿ ಬರೆದಿಲ್ಲ ಮೇಡಂ."

ನನ್ನ ಒಂದು ಪುಟ ಕೊಟ್ಟೆ. ಅದನ್ನು ಓದಿ ಅವರು ಹೇಳಿದರು, "ಶುರುವಿನ ಸಭೆಯಲ್ಲಿ ಸೋಮವಾರ ಅನ್ನೋದನ್ನ ತೆಗೆದು ಬುಧವಾರ ಅಗೆಯೋಕೆ ಹೇಳ್ತೀನಿ. ಟೆಸ್ಟ್ ಆಗದೆ ಜಾಯಿಂಟ್ ಮುಚ್ಚಿದ್ರೆ ಪ್ರಗತಿಗೆ ಹಿಡಿಯಲ್ಲ ಅಂತೀನಿ."

ಸಾಹೇಬರು ನಕ್ಕರು. "ಚಲೋ ಐತ್ರಿ. ಆದ್ರ ಇದನ್ನ ಮ್ಯಾಲಿನವರಿಗೆ ಹೆಂಗ ಕಳಸೂದು? ವಾರ, ಕಡಬು ಅಂದ್ರ ನಗ್ತಾರ. ಅದೂ ಅಲ್ಲದ, ನಮ್ಮ ಯೋಜನಾ ಪತ್ರ ತಪ್ಪಿತ್ತು ಅಂದಂಗ ಆಕ್ಕೇತಿ."

"ತಪ್ಪಿತ್ತಲ್ರೀ ಸರ್."

"ಅದಕ್ಕ ಬರಿಯೂದು ಬ್ಯಾಡ ಅನ್ನಾಕತ್ತೇನಿ."

ಇಷ್ಟು ಪ್ರಾಮಾಣಿಕ ಮಾತನ್ನು ಸಾಹೇಬರ ಬಾಯಲ್ಲಿ ಅಂದೇ ಮೊದಲು ಕೇಳಿದ್ದು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಅಕ್ಕನ ಮೊಣಕಾಲು ನೆನಪಾಯಿತು. ಆ ರಾತ್ರಿ ಊಟವಾದ ಮೇಲೆ ಅವಳಿಗೆ ಫೋನು ಮಾಡಿದೆ, ಜಗಳ ಹೇಳಿಕೊಂಡರೆ ಹಗುರಾದೀತು ಅಂತ. ಮಾತಿನ ನಡುವೆ, "ನಿಮ್ಮ ಓಣಿಗೆ ಬುಧವಾರ ತೋಡಾಕ ಹೇಳೇನಿ. ಮಂಗಳವಾರ ವಾರ ಇರತೈತಲ್ಲ" ಎಂದೆ.

"ಮಂಗಳವಾರ ಯಾಕ? ನಮ್ಮೂರಾಗ ವಾರ ಶುಕ್ರವಾರ" ಎಂದಳು ಅಕ್ಕ.

ಬುಧವಾರ ತೋಡು ಎಂದು ನಾನು ಬರೆದದ್ದನ್ನು ಆ ತುಮಕೂರಿನ ಪಾಪದ ಹೆಣ್ಣುಮಗಳು ನಂಬಿ ತೋಡಿಸಿದ್ದರೆ, ಶುಕ್ರವಾರ ಬರುವಷ್ಟರಲ್ಲಿ ತಗ್ಗು ಬಾಯಿ ತೆರೆದೇ ಇರುತ್ತಿತ್ತು. ಗುರುವಾರ ಸಂಜೆ ಜಗಳ, ಗುರುವಾರ ಸಂಜೆ ಜೆಸಿಬಿ. ಶಿಗ್ಗಾಂವಿಯ ಪೆಟ್ಟನ್ನೇ ನನ್ನ ಚಂದದ ಪಾಠ ಹಿರೇಕೆರೂರಿಗೆ ಹೊತ್ತು ತರುತ್ತಿತ್ತು, ಅದೂ ನನ್ನ ಅಕ್ಕನ ಬಾಗಿಲಿಗೆ. ಒಂದು ಊರಿನ ಉತ್ತರವನ್ನು ಪಾಠ ಎಂದುಕೊಂಡಿದ್ದೆ. ಕಳಿಸಬೇಕಾದದ್ದು ನಾವು ಕೇಳದೇ ಬಿಟ್ಟ ಪ್ರಶ್ನೆಯನ್ನು.

ಬೆಳಿಗ್ಗೆ ಪುಟ ಹರಿದು ಮೂರು ಸಾಲಿಗೆ ಇಳಿಸಿದೆ. ಒಂದು, ತೋಡುವ ಮೊದಲು ಈ ಊರಿನಲ್ಲಿ ವಾರ ಯಾವ ದಿನ, ಯಾವಾಗಿಂದ ಯಾವಾಗಿನ ತನಕ ಎಂದು ಊರ ಹಿರಿಯರನ್ನು ಕೇಳಿ ಎಂಜಿನಿಯರ್ ಇಲ್ಲಿ ಬರೆಯಬೇಕು. ಎರಡು, ಆ ದಿನದ ಮರುದಿನವೇ ತೋಡಲು ಶುರು, ಮತ್ತೆ ವಾರದ ದಿನ ಬರುವ ಮುನ್ನಾದಿನದೊಳಗೆ ಮುಚ್ಚಬೇಕು. ಮೂರು, ಗೇಜಿನ ಮುಳ್ಳು ನಿಂತದ್ದನ್ನು ಎಂಜಿನಿಯರ್ ಕಣ್ಣಾರೆ ನೋಡಿ ಸಹಿ ಹಾಕುವ ತನಕ ಜೋಡಣೆ ಮುಚ್ಚುವಂತಿಲ್ಲ, ಪ್ರಗತಿಗೆ ಹಿಡಿಯುವಂತಿಲ್ಲ. ಇದನ್ನು ವರದಿಯಲ್ಲಿ ಹಾಕುವ ಆಸೆ ಬಿಟ್ಟೆ. ಪ್ರತಿ ಓಣಿಯಲ್ಲಿ ಕೆಲಸ ಶುರು ಮಾಡುವ ಮುಂಚೆ ಗುತ್ತಿಗೆದಾರ ಒಂದು ಪರವಾನಗಿ ಹಾಳೆ ತೆಗೆದುಕೊಳ್ಳಲೇಬೇಕು, ಅದಿಲ್ಲದೆ ಜೆಸಿಬಿ ಓಣಿಗೆ ಇಳಿಯುವಂತಿಲ್ಲ. ಆ ಹಾಳೆಯಲ್ಲೇ ಈ ಮೂರು ಸಾಲು ಬರಬೇಕು. ವರದಿ ಓದದವನೂ ಹಾಳೆ ತುಂಬದೆ ಎಲ್ಲಿಗೆ ಹೋದಾನು?

ಸಾಹೇಬರ ಹತ್ತಿರ ಹೋಗಿ ವಿನಯದಿಂದ, "ಸರ್, ನಿಮ್ಮ ವರದಿ ಹಂಗ ಹೋಗ್ಲಿ. ಒಂದು ಸಣ್ಣ ಅನುಬಂಧ ಐತಿ, ಪರವಾನಗಿ ಹಾಳೆ ತಿದ್ದೂದು. ಸಹಿ ಬೇಕು" ಎಂದೆ.

"ಅನುಬಂಧ ಅಲ್ಲ? ಹಾಕ್ಕೋರಿ. ಅನುಬಂಧ ಯಾರ್ ಓದ್ತಾರ?" ಎಂದು ಸಹಿ ಮಾಡಿದರು. ಅವರೂ ಓದಲಿಲ್ಲ, ದೇವರು ದೊಡ್ಡವನು.

ಮೂವತ್ತು ಪುಟದ ವರದಿಗೆ ಮೇಲಿನಿಂದ ಮೆಚ್ಚುಗೆ ಬಂತು. ಅದೀಗ ಕಪಾಟಿನ ಸಾಲಿನಲ್ಲಿ ನಿಂತಿದೆ.

ಅಕ್ಕನ ಓಣಿಯ ಕೆಲಸ ನಡೆದಾಗ ರಜೆ ಹಾಕಿ ಹೋದೆ. ಮಳೆ ಹನಿಯುತ್ತಿತ್ತು. ಶನಿವಾರ ತೋಡಿದ ತಗ್ಗು ಬುಧವಾರವಾದರೂ ತೆರೆದೇ ಇತ್ತು. ಮನೆಮನೆಯ ಮುಂದೆ ದಾಟಲು ಹಲಗೆ. ಪೈಪಿನ ನಡುಭಾಗಕ್ಕೆ ಮಣ್ಣು ಹೊದಿಸಿ ಜೋಡಣೆಗಳನ್ನು ಮಾತ್ರ ಹಾಗೇ ಬಿಟ್ಟಿದ್ದರು. ಆ ತುಮಕೂರಿನ ಎಂಜಿನಿಯರ್ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಗೇಜು ನೋಡುತ್ತಿದ್ದರು. ಮುಳ್ಳು ಇಳಿಯಿತು. ಅಕ್ಕನ ಬಾಗಿಲ ಎದುರಿನ ಜೋಡಣೆಯಿಂದಲೇ ನೀರು ಚಿಮ್ಮುತ್ತಿತ್ತು, ಕಣ್ಣಿಗೆ ಕಾಣುವ ಹಾಗೆ. ಅದನ್ನು ಕತ್ತರಿಸಿ, ಹೊಸದಾಗಿ ಕೂಡಿಸಿ, ಮತ್ತೆ ಒತ್ತಡ ಕೊಟ್ಟರು. ಈ ಸಲ ಮುಳ್ಳು ನಿಂತಿತು. ಅವರು ಪರವಾನಗಿ ಹಾಳೆಗೆ ಸಹಿ ಹಾಕಿದರು. ಆ ಹಾಳೆಯ ಮೂರು ಸಾಲು ಎಲ್ಲಿಂದ ಬಂದವು ಎಂದು ಅವರ ಗುತ್ತಿಗೆದಾರನಿಗೆ ಗೊತ್ತಿರಲಿಲ್ಲ. ಮೊದಲಿಂದಲೂ ಹಾಗೇ ಇದೆ ಎಂದುಕೊಂಡಿದ್ದ. ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಒಳಗೆ ಹೋಗಿ ಕೂತೆ. ಅಕ್ಕ ಚಹಾದ ಕಪ್ಪನ್ನು ನನ್ನ ಮುಂದೆ ಕುಕ್ಕಿದಳು. ಐದು ದಿನದ ಕೆಸರು ಅವಳ ಪಡಸಾಲೆಯ ತುಂಬ ಇತ್ತು, ಐದು ದಿನದ ಸಿಟ್ಟು ಮುಖದ ತುಂಬ.

"ಏನ್ ಕೆಲಸನ ಇದು ನಿಮ್ದು? ಶನಿವಾರ ತೋಡಿದ್ದು ಇನ್ನೂ ಮುಚ್ಚಿಲ್ಲ. ಇಂಥಾ ಮೊಣಕಾಲ ಇಟಗೊಂಡು ಹಲಿಗಿ ಮ್ಯಾಲ ದಾಟಬೇಕು ನಾನು. ಯಾವಾಕಿ ಬರದಾಳ ಏನೋ ಇಂಥಾ ಕಾನೂನು! ಹ್ವಾದ ವರ್ಷ ನಮ್ಮ ನಾದಿನಿ ಊರಿಗೆ ಹೋಗಿದ್ನಲ್ಲ, ಶಿಗ್ಗಾಂವಿ ಕಡೆ, ಅಲ್ಲಿ ನನ್ನ ಕಣ್ಣ ಮುಂದ ಮುಂಜಾನೆ ತೋಡಿದ್ರು, ಸಂಜೀಕ ಮುಚ್ಚಿ ಬಳದು ಹಸನ ಮಾಡಿ ಹೋದ್ರು. ಅವರ ಕಡಿಂದರ ಒಂಚೂರು ಕಲೀರಿ."